‘ಹಿನ್ನೆಲೆಯಲ್ಲಿ’ ಎಂಬ ಪದ ಮತ್ತು ಷೇರುಪೇಟೆಯ ಸಂಜೆಯ ಕಥೆ

ಕನ್ನಡದಲ್ಲಿ ವಾರಕ್ಕೆ ಐದು ದಿನ ತಪ್ಪದೆ ಪ್ರಕಟವಾಗುವ ಒಂದು ಕಥಾಪ್ರಕಾರವಿದೆ. ನೂರೈವತ್ತು ಪದಗಳಿಗಿಂತ ಉದ್ದವಿರುವುದು ಕಡಿಮೆ. ನಾಯಕ ಯಾವಾಗಲೂ ಒಂದು ಸಂಖ್ಯೆ. ಅವನು ಏರುತ್ತಾನೆ, ಇಳಿಯುತ್ತಾನೆ, ಕೆಲವು ದಿನ ನಿಂತಲ್ಲೇ ನಿಲ್ಲುತ್ತಾನೆ. ಪ್ರತಿ ಸಲವೂ ಅದಕ್ಕೆ ಕಾರಣ ಸಿಕ್ಕೇ ಸಿಗುತ್ತದೆ. ಷೇರುಪೇಟೆಯ ದಿನದ ವರದಿ ಎಂದು ಕರೆಯುವ ಈ ಬರಹವನ್ನು ಸಾಹಿತ್ಯದ ವಿಮರ್ಶೆ ಎಂದೂ ಕೈಗೆತ್ತಿಕೊಂಡಿಲ್ಲ. ನನಗೆ ಇದು ಕೈಗೆತ್ತಿಕೊಳ್ಳಬೇಕಾದ ಪ್ರಕಾರ ಅನ್ನಿಸುತ್ತದೆ. ಕಾರ್ಯಕಾರಣ ಸಂಬಂಧವನ್ನು ಇಷ್ಟು ಸಲೀಸಾಗಿ, ಇಷ್ಟು ನಿಯಮಿತವಾಗಿ ಹೆಣೆಯುವ ಬೇರೊಂದು ಗದ್ಯ ನಮ್ಮಲ್ಲಿಲ್ಲ.

ನಾನು ಹಲವು ವರ್ಷ ಒಂದು ದಿನಪತ್ರಿಕೆಯ ವಾಣಿಜ್ಯ ಪುಟದಲ್ಲಿ ಕೆಲಸ ಮಾಡಿದವನು. ಈ ವರದಿಗಳನ್ನು ಬರೆದಿದ್ದೇನೆ, ಅದಕ್ಕಿಂತ ಹೆಚ್ಚಾಗಿ ತಿದ್ದಿದ್ದೇನೆ. ಅದನ್ನು ಬರೆಯುವ ಕ್ರಮವೇ ವಿಚಿತ್ರ. ಕಥೆಗಾರ ಮೊದಲ ಸಾಲಿನಿಂದ ಹೊರಟು ಕೊನೆಯನ್ನು ಹುಡುಕುತ್ತಾನೆ. ಷೇರುಪೇಟೆಯ ವರದಿಗಾರನಿಗೆ ಮೊದಲು ಸಿಗುವುದೇ ಕೊನೆ. ಮಧ್ಯಾಹ್ನ ಮೂರೂವರೆಗೆ ವಹಿವಾಟು ನಿಲ್ಲುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅಂತಿಮ ಸಂಖ್ಯೆ ಬರುತ್ತದೆ, ಅಲ್ಲಿಂದ ಅವನು ಹಿಂದಕ್ಕೆ ನಡೆಯುತ್ತಾನೆ. ಸಂಖ್ಯೆಯ ಮುಂದೆ ಇಳಿಕೆಯ ಗುರುತಿದ್ದರೆ ಆ ದಿನದ ಸುದ್ದಿಗಳಲ್ಲಿ ಕೆಟ್ಟದ್ದನ್ನು ಆರಿಸುತ್ತಾನೆ, ಏರಿಕೆಯ ಗುರುತಿದ್ದರೆ ಒಳ್ಳೆಯದನ್ನು. ಜಗತ್ತಿನಲ್ಲಿ ಎರಡೂ ಬಗೆಯ ಸುದ್ದಿ ಎಲ್ಲ ದಿನವೂ ಇರುವುದರಿಂದ ಅವನ ಕೈ ಎಂದೂ ಖಾಲಿಯಾಗುವುದಿಲ್ಲ.

ಇದಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರಿದೆ: ಕಾಕತಾಳೀಯ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕಾಗೆ ಕೂತದ್ದು ನಿಜ, ಹಣ್ಣು ಬಿದ್ದದ್ದೂ ನಿಜ. ಸುಳ್ಳಿರುವುದು ಎರಡು ವಾಕ್ಯಗಳ ನಡುವಿನ ಜಾಗದಲ್ಲಿ. ಷೇರುಪೇಟೆಯ ವರದಿಯನ್ನು ಪರೀಕ್ಷಿಸಬೇಕಾದದ್ದೂ ಅಲ್ಲೇ. ಅದರ ಅಂಕಿಅಂಶಗಳು ಸಾಮಾನ್ಯವಾಗಿ ಸರಿಯಿರುತ್ತವೆ, ಅದು ಹೇಳುವ ಘಟನೆಗಳೂ ನಡೆದಿರುತ್ತವೆ. ತಪ್ಪು ಬರುವುದು ಎರಡನ್ನೂ ಕೂಡಿಸುವ ಪ್ರತ್ಯಯದಲ್ಲಿ.

ಆ ಕೂಡಿಸುವ ಕೆಲಸಕ್ಕೆ ಕನ್ನಡದಲ್ಲಿ ಹಲವು ಸಲಕರಣೆಗಳಿವೆ. ಅತ್ಯಂತ ನೇರವಾದದ್ದು ‘ಇಂದ’. ‘ವಿದೇಶಿ ಹೂಡಿಕೆದಾರರ ಮಾರಾಟದಿಂದ ಸೂಚ್ಯಂಕ ಕುಸಿಯಿತು’ ಎಂದು ಬರೆದವನು ಒಂದು ಹೊಣೆ ಹೊರುತ್ತಾನೆ. ಆ ಮಾರಾಟ ಇಲ್ಲದಿದ್ದರೆ ಈ ಕುಸಿತ ಇರುತ್ತಿರಲಿಲ್ಲ ಎಂಬುದು ಆ ವಾಕ್ಯದ ಅರ್ಥ. ಈ ಹೊಣೆ ಭಾರ ಅನ್ನಿಸಿದಾಗ ನಾವು ‘ಹಿನ್ನೆಲೆಯಲ್ಲಿ’ ಎಂಬ ಪದಕ್ಕೆ ಸರಿಯುತ್ತೇವೆ. ‘ಜಾಗತಿಕ ಮಾರುಕಟ್ಟೆಗಳ ದುರ್ಬಲ ವಹಿವಾಟಿನ ಹಿನ್ನೆಲೆಯಲ್ಲಿ ಸೂಚ್ಯಂಕ ಕುಸಿಯಿತು.’ ಹಿನ್ನೆಲೆ ಎಂದರೆ ರಂಗದ ಹಿಂದಿನ ಪರದೆ. ಪರದೆ ಯಾರನ್ನೂ ಬೀಳಿಸುವುದಿಲ್ಲ. ಆದರೂ ಓದುಗ ಆ ಪದವನ್ನು ‘ಕಾರಣದಿಂದ’ ಎಂದೇ ಓದಿಕೊಳ್ಳುತ್ತಾನೆ, ಹಾಗೆ ಓದಿಕೊಳ್ಳಲಿ ಎಂದೇ ಅದನ್ನು ಬರೆಯುತ್ತೇವೆ. ಕೇಳಿದರೆ ಮಾತ್ರ ‘ನಾನು ಕಾರಣ ಎಂದಿಲ್ಲವಲ್ಲ’ ಎನ್ನಬಹುದು. ಕಾರಣದ ಲಾಭ ಬೇಕು, ಕಾರಣದ ಹೊಣೆ ಬೇಡ ಎನ್ನುವವರ ಪದ ಅದು.

ಇನ್ನೊಂದು ಸಲಕರಣೆ ನಮ್ಮ ವ್ಯಾಕರಣದಲ್ಲೇ ಅಡಗಿದೆ. ‘ಮಳೆ ಬಂದು ಕೆರೆ ತುಂಬಿತು’ ಎನ್ನುವಾಗ ‘ಬಂದು’ ಎಂಬ ಕೃದಂತ ಮೇಲ್ನೋಟಕ್ಕೆ ಕಾಲದ ಅನುಕ್ರಮವನ್ನು ಮಾತ್ರ ಹೇಳುತ್ತದೆ. ಆದರೆ ಕನ್ನಡಿಗರ ಕಿವಿಗೆ ಅದು ಕಾರಣವೂ ಹೌದು. ಹೀಗಾಗಿ ‘ಅಮೆರಿಕದ ಪೇಟೆ ಇಳಿದು ನಮ್ಮಲ್ಲೂ ನಿಫ್ಟಿ ಜಾರಿತು’ ಎಂಬ ಸಾದಾ ವಾಕ್ಯ ಕೂಡ, ಬರೆದವನಿಗೆ ಗೊತ್ತಿಲ್ಲದೆಯೇ, ಕಾರಣವೊಂದನ್ನು ಹುಟ್ಟಿಸಿಬಿಡುತ್ತದೆ. ಕಾರಣ ಗೊತ್ತಿಲ್ಲದಾಗ ಎರಡು ಸಂಗತಿಗಳನ್ನು ಎರಡು ಪೂರ್ಣ ವಾಕ್ಯಗಳಲ್ಲಿ ಬರೆಯುವುದೇ ಸುರಕ್ಷಿತ. ನಡುವೆ ಒಂದು ಪೂರ್ಣವಿರಾಮ ಇರಬೇಕು.

ಪ್ರತ್ಯಯಗಳಿಗಿಂತ ಹಳೆಯ ರೋಗ ಸಿದ್ಧ ಕಾರಣಗಳದು. ‘ಮಾರಾಟದ ಒತ್ತಡದಿಂದ ಸೂಚ್ಯಂಕ ಇಳಿಯಿತು’ ಎನ್ನುತ್ತೇವೆ. ಆದರೆ ಮಾರಾಟವಾದ ಪ್ರತಿಯೊಂದು ಷೇರನ್ನೂ ಅದೇ ಕ್ಷಣದಲ್ಲಿ ಯಾರೋ ಕೊಂಡಿರುತ್ತಾರೆ. ಮಾರಿದ ಷೇರುಗಳ ಸಂಖ್ಯೆ ಮತ್ತು ಕೊಂಡ ಷೇರುಗಳ ಸಂಖ್ಯೆ ಎಂದೂ ಒಂದೇ. ಕೊಳ್ಳುವವರು ಕಡಿಮೆ ಬೆಲೆಗೆ ಮಾತ್ರ ಒಪ್ಪಿದರು ಎಂಬುದಷ್ಟೇ ಆ ವಾಕ್ಯದ ಸಾರ. ಅಂದರೆ ಬೆಲೆ ಇಳಿದದ್ದರಿಂದ ಬೆಲೆ ಇಳಿಯಿತು. ‘ಲಾಭ ಗಳಿಕೆಯ ಉದ್ದೇಶದ ಮಾರಾಟ’ ಎಂಬುದು ಇನ್ನೂ ಚತುರ. ಅದು ಕೋಟ್ಯಂತರ ಜನರ ಮನಸ್ಸಿನೊಳಗೆ ಇಣುಕಿ ನೋಡಿ ಬಂದಂತೆ ಮಾತಾಡುತ್ತದೆ. ಮಾರಿದವರು ಲಾಭಕ್ಕೆ ಮಾರಿದರೋ, ನಷ್ಟ ತಾಳದೆ ಮಾರಿದರೋ, ಮಗಳ ಮದುವೆಗೆಂದು ಮಾರಿದರೋ ವರದಿಗಾರನಿಗೆ ತಿಳಿಯುವ ದಾರಿ ಇಲ್ಲ.

ಸಿದ್ಧ ಕಾರಣವನ್ನು ಗುರುತಿಸುವ ಸರಳ ಪರೀಕ್ಷೆಯೊಂದನ್ನು ನಾನು ಬಳಸುತ್ತೇನೆ. ವಾಕ್ಯದಲ್ಲಿ ‘ಇಳಿಯಿತು’ ಎಂಬುದನ್ನು ‘ಏರಿತು’ ಎಂದು ಬದಲಿಸಿ ನೋಡುವುದು. ‘ಅಮೆರಿಕದ ಹಣದುಬ್ಬರದ ಅಂಕಿಅಂಶ ಹೊರಬೀಳಲಿರುವ ಹಿನ್ನೆಲೆಯಲ್ಲಿ ಸೂಚ್ಯಂಕ ಇಳಿಯಿತು’ ಎಂಬುದು ಎಷ್ಟು ಸಹಜವೋ ‘ಏರಿತು’ ಎಂಬುದೂ ಅಷ್ಟೇ ಸಹಜವಾಗಿ ಕೇಳುತ್ತದೆ. ಎರಡೂ ದಿಕ್ಕಿಗೆ ಹೊಂದುವ ಕಾರಣ ಯಾವ ದಿಕ್ಕನ್ನೂ ವಿವರಿಸುವುದಿಲ್ಲ.

ಹಾಗಾದರೆ ಒಂದೂ ಕಾರಣವನ್ನು ಕಟ್ಟದೆ ‘ಏಕೆ’ ಎಂಬ ಪ್ರಶ್ನೆಗೆ ಉತ್ತರಿಸಲು ಸಾಧ್ಯವೇ? ಸಾಧ್ಯ. ಆದರೆ ‘ಏಕೆ’ ಎಂಬ ಒಂದೇ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ ಎಂಬುದನ್ನು ಮೊದಲು ಕಾಣಬೇಕು. ಯಾವ ಷೇರುಗಳು ಸೂಚ್ಯಂಕವನ್ನು ಎಳೆದವು ಎಂಬುದು ಒಂದು. ಯಾವ ಸುದ್ದಿ ಯಾವಾಗ ಬಂತು, ಬೆಲೆ ಯಾವಾಗ ಕದಲಿತು ಎಂಬುದು ಎರಡನೆಯದು. ಜನ ಏನನ್ನು ಯೋಚಿಸಿ ಮಾರಿದರು ಅಥವಾ ಕೊಂಡರು ಎಂಬುದು ಮೂರನೆಯದು. ಮೊದಲನೆಯದಕ್ಕೆ ಲೆಕ್ಕ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಗಡಿಯಾರ ಭಾಗಶಃ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಯಾರಾದರೂ ಹೇಳಿದ್ದನ್ನು ಅವರ ಮಾತಾಗಿ ಕೊಡಬಹುದೇ ಹೊರತು ನಮ್ಮ ಮಾತಾಗಿ ಅಲ್ಲ.

ಒಂದು ದಿನವನ್ನು ಹಿಡಿದು ನೋಡೋಣ. 2024ರ ಜನವರಿ 17, ಬುಧವಾರ. ಅಂದು ಸೆನ್ಸೆಕ್ಸ್ 1,628 ಅಂಶ, ಅಂದರೆ ಶೇ 2.23ರಷ್ಟು ಇಳಿದು 71,500ಕ್ಕೆ ನಿಂತಿತು. ನಿಫ್ಟಿ 460 ಅಂಶ, ಅಂದರೆ ಶೇ 2.09ರಷ್ಟು ಇಳಿದು 21,571ಕ್ಕೆ ಬಂತು. ಹಿಂದಿನ ಸಂಜೆ ಪೇಟೆ ಮುಚ್ಚಿದ ಮೇಲೆ ಎಚ್‌ಡಿಎಫ್‌ಸಿ ಬ್ಯಾಂಕ್ ತನ್ನ ಡಿಸೆಂಬರ್ ತ್ರೈಮಾಸಿಕದ ಫಲಿತಾಂಶ ಪ್ರಕಟಿಸಿತ್ತು. ಮರುದಿನ ಅದರ ಷೇರು ಶೇ 8.4ರ ಆಸುಪಾಸು ಕುಸಿಯಿತು. ಅಂದಿನ ವರದಿಗಳಲ್ಲಿ ಈ ಬ್ಯಾಂಕಿನ ಜೊತೆಗೆ ಅಮೆರಿಕದ ಬಡ್ಡಿದರದ ಆತಂಕ, ಚೀನಾದ ಆರ್ಥಿಕತೆ, ವಿದೇಶಿ ಹೂಡಿಕೆದಾರರ ಮಾರಾಟ ಎಲ್ಲವೂ ಒಂದೇ ಸಾಲಿನಲ್ಲಿ ಕಾರಣಗಳಾಗಿ ನಿಂತಿದ್ದವು.

ಮೊದಲು ಲೆಕ್ಕ. ನಿಫ್ಟಿಯಲ್ಲಿ ಐವತ್ತು ಷೇರುಗಳಿವೆ, ಆದರೆ ಐವತ್ತಕ್ಕೂ ಸಮಾನ ತೂಕವಿಲ್ಲ. ಪ್ರವರ್ತಕರ ಕೈಯಲ್ಲಿರುವುದನ್ನು ಬಿಟ್ಟು, ಪೇಟೆಯಲ್ಲಿ ಕೈಬದಲಾಗಬಲ್ಲ ಷೇರುಗಳ ಒಟ್ಟು ಮೌಲ್ಯ ಎಷ್ಟೋ ಅಷ್ಟು ತೂಕ. ಗೃಹಸಾಲದ ಎಚ್‌ಡಿಎಫ್‌ಸಿ 2023ರ ಜುಲೈ 1ರಂದು ಈ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಬ್ಯಾಂಕಿನ ತೂಕ ಇನ್ನಷ್ಟು ಹೆಚ್ಚಿತ್ತು. ಜನವರಿಯ ಹೊತ್ತಿಗೆ ನಿಫ್ಟಿಯಲ್ಲಿ ಅದು ಸುಮಾರು ಶೇ 13. ನೂರು ರೂಪಾಯಿಯಲ್ಲಿ ಹದಿಮೂರು ರೂಪಾಯಿ ಈ ಒಂದು ಷೇರಿನದು ಎಂದುಕೊಳ್ಳಿ. ಆ ಹದಿಮೂರು ರೂಪಾಯಿ ಶೇ 8.4ರಷ್ಟು ಕರಗಿದರೆ ಹೋಗುವುದು ಒಂದು ರೂಪಾಯಿ ಒಂಬತ್ತು ಪೈಸೆ. ಅಂದರೆ ಸೂಚ್ಯಂಕದ ಶೇ 1.09. ಹಿಂದಿನ ದಿನ ನಿಫ್ಟಿ 22,032ರಲ್ಲಿತ್ತು, ಅದರ ಶೇ 1.09 ಎಂದರೆ 240 ಅಂಶ. ಒಟ್ಟು ಇಳಿದದ್ದು 460. ಅರ್ಧಕ್ಕಿಂತ ತುಸು ಹೆಚ್ಚು ಭಾಗ ಒಂದೇ ಷೇರಿನ ಲೆಕ್ಕಕ್ಕೆ ಸೇರುತ್ತದೆ.

ಈ ಲೆಕ್ಕಕ್ಕೆ ಯಾರ ಅಭಿಪ್ರಾಯವೂ ಬೇಕಿಲ್ಲ. ತೂಕದ ಪಟ್ಟಿ ಪ್ರಕಟವಾಗಿರುತ್ತದೆ, ಬೆಲೆ ಎಲ್ಲರ ಕಣ್ಣೆದುರಿಗಿದೆ, ಗುಣಾಕಾರ ಶಾಲೆಯದು. ಆದರೂ ಅದಕ್ಕೊಂದು ಮಿತಿಯುಂಟು. ಬೆಲೆ ಬದಲಾದಂತೆ ತೂಕವೂ ದಿನದಿನ ಬದಲಾಗುತ್ತದೆ, ತಿಂಗಳ ಕೊನೆಯ ಪಟ್ಟಿ ಹಿಡಿದು ಮಾಡಿದ ಲೆಕ್ಕ ಅಂದಾಜಿನದು. ಆದ್ದರಿಂದ ವರದಿಯಲ್ಲಿ 240.6 ಎಂದು ಬರೆಯುವುದು ಸಲ್ಲ. ‘ಸುಮಾರು ಅರ್ಧ’ ಎನ್ನುವುದೇ ಇಲ್ಲಿ ಹೆಚ್ಚು ನಿಖರ. ಇದೇ ಲೆಕ್ಕ ಮತ್ತೊಂದು ಚಿಕ್ಕ ಒಗಟಿನ ಕಡೆಗೂ ಬೆಳಕು ಚೆಲ್ಲುತ್ತದೆ. ಅಂದು ಸೆನ್ಸೆಕ್ಸ್ ನಿಫ್ಟಿಗಿಂತ ಹೆಚ್ಚು ಇಳಿಯಿತೇಕೆ? ಸೆನ್ಸೆಕ್ಸ್‌ನಲ್ಲಿ ಇರುವುದು ಮೂವತ್ತೇ ಷೇರು. ಅಲ್ಲಿ ಅದೇ ಬ್ಯಾಂಕಿನ ತೂಕ ಇನ್ನೂ ಹೆಚ್ಚು. ಮುಂಬೈನ ಎರಡು ಪೇಟೆಗಳ ನಡುವೆ ಮನೋಭಾವದ ವ್ಯತ್ಯಾಸವನ್ನು ಹುಡುಕುವ ಅಗತ್ಯವಿಲ್ಲ.

ಆದರೆ ಲೆಕ್ಕ ಇಲ್ಲಿಗೆ ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ಉಳಿದ 220 ಅಂಶಗಳ ಕಥೆಯೇನು? ಬ್ಯಾಂಕನ್ನು ಬದಿಗಿಟ್ಟರೆ ಉಳಿದ ನಲವತ್ತೊಂಬತ್ತು ಷೇರುಗಳು ಒಟ್ಟಾರೆ ಸರಾಸರಿ ಶೇ 1.15ರಷ್ಟು ಇಳಿದಿದ್ದವು. ಅದು ಸಣ್ಣ ಇಳಿಕೆಯಲ್ಲ. ಈಗ ಗಡಿಯಾರ ನೋಡಬೇಕು.

ಮೂರು ಸುದ್ದಿಗಳು ಸ್ಪರ್ಧೆಯಲ್ಲಿದ್ದವು. ಬ್ಯಾಂಕಿನ ಫಲಿತಾಂಶ ಬಂದದ್ದು ಮಂಗಳವಾರ ಸಂಜೆ. ಬಡ್ಡಿದರ ಇಳಿಸಲು ಅವಸರ ಬೇಕಿಲ್ಲ ಎಂಬ ಧಾಟಿಯಲ್ಲಿ ಅಮೆರಿಕದ ಫೆಡರಲ್ ರಿಸರ್ವ್‌ನ ಗವರ್ನರ್ ಕ್ರಿಸ್ಟೋಫರ್ ವಾಲರ್ ಮಾತಾಡಿದ್ದು ನಮ್ಮ ಕಾಲಮಾನದಲ್ಲಿ ಅದೇ ರಾತ್ರಿ. ಚೀನಾ ತನ್ನ 2023ರ ಬೆಳವಣಿಗೆ ಶೇ 5.2 ಎಂದು ಪ್ರಕಟಿಸಿದ್ದು ಬುಧವಾರ ಬೆಳಿಗ್ಗೆ. ಆ ದಿನ ಹಾಂಕಾಂಗ್‌ನ ಹ್ಯಾಂಗ್‌ಸೆಂಗ್ ಶೇ 3.7ರಷ್ಟು ಬಿತ್ತು. ಮೂರೂ ನಮ್ಮ ಪೇಟೆ ಬೆಳಿಗ್ಗೆ 9.15ಕ್ಕೆ ತೆರೆಯುವ ಮೊದಲೇ ಬಂದಿದ್ದವು. ನಿಫ್ಟಿ ಬಾಗಿಲು ತೆರೆಯುವಾಗಲೇ ದೊಡ್ಡ ಇಳಿಕೆಯೊಂದಿಗೆ ಶುರುವಾಯಿತು. ಇಲ್ಲಿ ಗಡಿಯಾರ ಒಂದು ಕೆಲಸ ಮಾಡಿಕೊಡುತ್ತದೆ, ಇನ್ನೊಂದನ್ನು ಮಾಡುವುದಿಲ್ಲ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಬಂದ ಸುದ್ದಿಗೇ ಪೇಟೆ ಸ್ಪಂದಿಸಿದೆ ಎಂಬ ಅನುಮಾನವನ್ನು ಅದು ಗಟ್ಟಿ ಮಾಡುತ್ತದೆ. ಆದರೆ ಮೂರರಲ್ಲಿ ಯಾವುದಕ್ಕೆ ಎಂಬುದನ್ನು ಅದು ಬಿಡಿಸಿ ಹೇಳಲಾರದು. ಮಧ್ಯಾಹ್ನ ಎರಡು ಗಂಟೆಗೆ ಬಂದ ಸುದ್ದಿಯನ್ನು ಯಾರಾದರೂ ಕಾರಣವೆಂದು ಬರೆದಿದ್ದರೆ ಅದನ್ನು ಹೊಡೆದುಹಾಕಲು ಗಡಿಯಾರ ಸಾಕಿತ್ತು. ತಪ್ಪು ಕಾರಣವನ್ನು ಹೊರಗಟ್ಟುವುದರಲ್ಲಿ ಗಡಿಯಾರ ನಿಪುಣ, ಸರಿಯಾದದ್ದನ್ನು ಆರಿಸುವುದರಲ್ಲಿ ಅಲ್ಲ.

ಇಂಥಲ್ಲಿ ಇಳಿಕೆ ಹೇಗೆ ಹಂಚಿಹೋಗಿದೆ ಎಂದು ನೋಡುವುದು ಮುಂದಿನ ಹೆಜ್ಜೆ. ಅಂದು ಬ್ಯಾಂಕುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿ ಶೇ 4ಕ್ಕಿಂತ ಹೆಚ್ಚು ಬಿದ್ದಿತ್ತು, ಇತರ ದೊಡ್ಡ ಖಾಸಗಿ ಬ್ಯಾಂಕುಗಳ ಷೇರುಗಳೂ ಇಳಿದಿದ್ದವು. ಮಾಹಿತಿ ತಂತ್ರಜ್ಞಾನದ ಕಂಪನಿಗಳ ಸೂಚ್ಯಂಕ ಮಾತ್ರ ತುಸು ಏರಿತ್ತು. ಬೆಂಗಳೂರಿನಲ್ಲಿ ನೆಲೆಯಿರುವ ಕಂಪನಿಗಳೂ ಸೇರಿ ಈ ವಲಯಕ್ಕೆ ಅಮೆರಿಕದ ಗ್ರಾಹಕರೇ ಮುಖ್ಯ ಎಂಬುದು ಎಲ್ಲರಿಗೂ ಗೊತ್ತು. ಅಮೆರಿಕದ ಬಡ್ಡಿದರದ ಆತಂಕವೇ ಅಂದಿನ ಮುಖ್ಯ ಕಾರಣವಾಗಿದ್ದರೆ ಈ ಷೇರುಗಳು ಏರಿದ್ದನ್ನು ವಿವರಿಸುವುದು ಕಷ್ಟ. ಕಷ್ಟ ಎಂದೆ, ಅಸಾಧ್ಯ ಎನ್ನಲಿಲ್ಲ. ಆ ವಲಯಕ್ಕೆ ಅದರದೇ ಬೇರೆ ಸುದ್ದಿಗಳಿದ್ದಿರಬಹುದು. ಇಳಿಕೆ ಬ್ಯಾಂಕುಗಳಲ್ಲಿ ಗುಂಪುಗೂಡಿತ್ತು ಎಂಬ ಸಂಗತಿ ‘ಬ್ಯಾಂಕಿನ ಫಲಿತಾಂಶ’ ಎಂಬ ವಿವರಣೆಯ ಕಡೆಗೆ ತಕ್ಕಡಿಯನ್ನು ಬಾಗಿಸುತ್ತದೆ. ಹಾಗೆಂದು ಉಳಿದ 220 ಅಂಶಗಳನ್ನು ಮೂರು ಸುದ್ದಿಗಳಿಗೆ ಪಾಲು ಮಾಡಿ ಹಂಚುವ ವಿಧಾನ ವರದಿಗಾರನ ಕೈಯಲ್ಲಿಲ್ಲ.

ಕೊನೆಯದು ಮನಸ್ಸಿನ ಪ್ರಶ್ನೆ. ಬ್ಯಾಂಕಿನ ನಿವ್ವಳ ಲಾಭ ₹16,373 ಕೋಟಿ, ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕಿಂತ ಸುಮಾರು ಶೇ 33 ಹೆಚ್ಚು. ಲಾಭ ಏರಿದ ಮರುದಿನ ಷೇರು ಬಿತ್ತು. ಷೇರು ಏರಿದ್ದರೆ ಈ ಶೇ 33 ತಲೆಬರಹವಾಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬಿದ್ದುದರಿಂದ ಬೇರೆ ಸಂಖ್ಯೆಗಳು ಮುಂದೆ ಬಂದವು. ವಿಲೀನವಾದ್ದರಿಂದ ಹಿಂದಿನ ವರ್ಷದ ಬ್ಯಾಂಕಿಗೂ ಈ ವರ್ಷದ ಬ್ಯಾಂಕಿಗೂ ಹೋಲಿಕೆಯೇ ಸರಿಯಲ್ಲ ಎಂಬುದು ಒಂದು. ಬಡ್ಡಿಯಿಂದ ಬರುವ ನಿವ್ವಳ ಲಾಭಾಂಶ ಒಟ್ಟು ಆಸ್ತಿಯ ಶೇ 3.4ರಲ್ಲೇ ನಿಂತಿತ್ತು, ಚೇತರಿಸಿರಲಿಲ್ಲ. ಕೊಟ್ಟ ಸಾಲ ಸುಮಾರು ₹24.7 ಲಕ್ಷ ಕೋಟಿ, ಕೈಯಲ್ಲಿದ್ದ ಠೇವಣಿ ಸುಮಾರು ₹22.1 ಲಕ್ಷ ಕೋಟಿ. ಲಾಭಾಂಶ ಮತ್ತು ಠೇವಣಿಗಳ ಬಗ್ಗೆ ನಿರಾಸೆಯಾಯಿತು ಎಂದು ಹಲವು ವಿಶ್ಲೇಷಕರು ಹೇಳಿದರು. ಅದು ನಂಬಬಹುದಾದ ವಿವರಣೆ. ಆದರೆ ಅದು ಅವರ ವಿವರಣೆ. ಅದನ್ನು ‘ಲಾಭಾಂಶ ಚೇತರಿಸದ್ದರಿಂದ ಹೂಡಿಕೆದಾರರು ನಿರಾಶರಾಗಿ ಮಾರಿದರು’ ಎಂದು ವರದಿಗಾರ ತನ್ನ ದನಿಯಲ್ಲಿ ಬರೆದ ಕೂಡಲೇ ಅವನು ಕಾದಂಬರಿಯ ಸರ್ವಜ್ಞ ನಿರೂಪಕನಾಗುತ್ತಾನೆ. ಪಾತ್ರಗಳ ಮನಸ್ಸು ಓದುವ ಆ ಹಕ್ಕು ಕಾದಂಬರಿಕಾರನಿಗಿದೆ, ಏಕೆಂದರೆ ಪಾತ್ರಗಳು ಅವನವೇ.

‘ಎಂದು ತಜ್ಞರು ಹೇಳಿದ್ದಾರೆ’ ಎಂದು ಸೇರಿಸಿದರೆ ಎಲ್ಲ ಸರಿಹೋಯಿತೇ? ಅದೂ ಇಲ್ಲ. ತಜ್ಞರು ಏನನ್ನು ನೋಡಿ ಹೇಳಿದರು ಎಂಬುದೂ ಬರಬೇಕು. ಸಾಲ ಮತ್ತು ಠೇವಣಿಯ ಸಂಖ್ಯೆ ತೋರಿಸಿ ಹೇಳಿದ ಮಾತಿಗೂ ‘ಮನೋಭಾವ ದುರ್ಬಲವಾಗಿದೆ’ ಎಂದು ಫೋನಿನಲ್ಲಿ ಹೇಳಿದ ಮಾತಿಗೂ ಒಂದೇ ಬೆಲೆ ಕೊಡಲಾಗದು. ಎರಡನೆಯದನ್ನು ಬಿಟ್ಟರೆ ಓದುಗ ಏನನ್ನೂ ಕಳೆದುಕೊಳ್ಳುವುದಿಲ್ಲ.

ವಿದೇಶಿ ಹೂಡಿಕೆದಾರರ ವಿಷಯವೂ ಇಲ್ಲೇ ಬರುತ್ತದೆ. ಅಂದು ಅವರು ನಿವ್ವಳ ₹10,578 ಕೋಟಿ ಮೌಲ್ಯದ ಷೇರು ಮಾರಿದ್ದರು, ದೇಶದ ಸಂಸ್ಥೆಗಳು ನಿವ್ವಳ ₹4,006 ಕೋಟಿ ಕೊಂಡಿದ್ದವು. ಬಹಳ ದೊಡ್ಡ ಸಂಖ್ಯೆ, ಹೇಳಲೇಬೇಕಾದ ಸಂಖ್ಯೆ. ಆದರೆ ಈ ತಾತ್ಕಾಲಿಕ ಲೆಕ್ಕ ಹೊರಬೀಳುವುದು ವಹಿವಾಟು ಮುಗಿದ ಮೇಲೆ. ಯಾರು ಮಾರಿದರು ಎಂಬುದಕ್ಕೆ ಅದು ಉತ್ತರ, ಏಕೆ ಬೆಲೆ ಬಿತ್ತು ಎಂಬುದಕ್ಕಲ್ಲ. ಅವರೂ ಅದೇ ಫಲಿತಾಂಶ ಓದಿ ಮಾರಿರಬಹುದು. ಹಾಗಾದರೆ ಅವರ ಮಾರಾಟವನ್ನು ಫಲಿತಾಂಶದ ಪಕ್ಕದಲ್ಲಿ ಮತ್ತೊಂದು ಕಾರಣವಾಗಿ ನಿಲ್ಲಿಸಿದರೆ ಒಂದನ್ನೇ ಎರಡು ಸಲ ಎಣಿಸಿದಂತೆ.

ಇಷ್ಟನ್ನು ಒಟ್ಟುಗೂಡಿಸಿದರೆ ಅಂದಿನ ವರದಿ ಹೀಗಿರಬಹುದಿತ್ತು:

‘ಷೇರುಪೇಟೆಯ ಸೂಚ್ಯಂಕಗಳು ಬುಧವಾರ ಶೇ 2ಕ್ಕಿಂತ ಹೆಚ್ಚು ಇಳಿದವು. ನಿಫ್ಟಿ 460 ಅಂಶ ಕಳೆದುಕೊಂಡು 21,571ಕ್ಕೆ, ಸೆನ್ಸೆಕ್ಸ್ 1,628 ಅಂಶ ಕಳೆದುಕೊಂಡು 71,500ಕ್ಕೆ ತಲುಪಿದವು. ನಿಫ್ಟಿಯ ಇಳಿಕೆಯಲ್ಲಿ ಸುಮಾರು ಅರ್ಧ ಎಚ್‌ಡಿಎಫ್‌ಸಿ ಬ್ಯಾಂಕಿನ ಷೇರೊಂದರದೇ. ಮಂಗಳವಾರ ಸಂಜೆ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿದ ಈ ಬ್ಯಾಂಕಿನ ಷೇರು ಶೇ 8ಕ್ಕಿಂತ ಹೆಚ್ಚು ಕುಸಿಯಿತು. ಬ್ಯಾಂಕಿನ ಲಾಭ ಏರಿದ್ದರೂ ಬಡ್ಡಿಯ ಲಾಭಾಂಶ ಶೇ 3.4ರಲ್ಲೇ ಉಳಿದದ್ದನ್ನು ಮತ್ತು ಸಾಲಕ್ಕಿಂತ ಠೇವಣಿ ಕಡಿಮೆ ಇರುವುದನ್ನು ವಿಶ್ಲೇಷಕರು ಬೊಟ್ಟುಮಾಡಿದ್ದಾರೆ. ಇತರ ಬ್ಯಾಂಕುಗಳ ಷೇರುಗಳೂ ಇಳಿದವು. ಮಾಹಿತಿ ತಂತ್ರಜ್ಞಾನದ ಷೇರುಗಳ ಸೂಚ್ಯಂಕ ಏರಿತು. ಹಾಂಕಾಂಗ್ ಪೇಟೆ ಶೇ 3.7ರಷ್ಟು ಕುಸಿದಿತ್ತು. ಉಳಿದ ಷೇರುಗಳ ಇಳಿಕೆಯಲ್ಲಿ ಇದರ ಪಾಲೆಷ್ಟು, ಬ್ಯಾಂಕಿನ ಫಲಿತಾಂಶದ ಪಾಲೆಷ್ಟು ಎಂದು ಬೇರ್ಪಡಿಸಲಾಗದು.’

ಕೊನೆಯ ವಾಕ್ಯವನ್ನು ಉಪಸಂಪಾದಕರು ಹೊಡೆದುಹಾಕುವ ಸಂಭವ ಹೆಚ್ಚು. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಉಳಿಯಲೇಬೇಕಾದ ವಾಕ್ಯ ಅದು. ಅದಿಲ್ಲದಿದ್ದರೆ ಹಾಂಕಾಂಗ್‌ನ ವಾಕ್ಯ ಮೆಲ್ಲಗೆ ‘ಹಿನ್ನೆಲೆ’ಯ ವೇಷ ಧರಿಸಿಬಿಡುತ್ತದೆ. ಈ ಬರಹದಲ್ಲಿ ಒಂದೂ ‘ಇಂದ’ ಇಲ್ಲ, ಒಂದೂ ‘ಹಿನ್ನೆಲೆಯಲ್ಲಿ’ ಇಲ್ಲ ಎಂಬುದನ್ನೂ ಗಮನಿಸಿ. ಆದರೂ ಏನಾಯಿತೆಂಬುದು ಹಳೆಯ ಬಗೆಯ ವರದಿಗಿಂತ ಹೆಚ್ಚು ತಿಳಿಯುತ್ತದೆ. ‘ಇಡೀ ಪೇಟೆ ತತ್ತರಿಸಿತು’ ಎಂಬ ಚಿತ್ರ ಹೋಗಿ, ಒಂದು ದೈತ್ಯ ಷೇರು ತನ್ನ ತೂಕದಿಂದಲೇ ಸೂಚ್ಯಂಕವನ್ನು ಬಗ್ಗಿಸಿದ ಚಿತ್ರ ಮೂಡುತ್ತದೆ.

ಜನವರಿ 17 ಬರೆಯುವವರಿಗೆ ಸುಲಭದ ದಿನ, ಏಕೆಂದರೆ ಅಲ್ಲಿ ಕಣ್ಣಿಗೆ ಹೊಡೆಯುವ ಘಟನೆಯೊಂದಿತ್ತು. ಕಷ್ಟವಿರುವುದು ನಿಫ್ಟಿ ಶೇ 0.3 ಇಳಿದ ಗುರುವಾರಗಳಲ್ಲಿ. ವರ್ಷದ ಬಹುಪಾಲು ದಿನಗಳು ಅಂಥವೇ. ಅಲ್ಲಿ ‘ಏಕೆ’ ಎಂದು ಕೇಳುವ ಮೊದಲು ‘ಇದು ಕೇಳುವಂಥ ದಿನವೇ’ ಎಂದು ಕೇಳಬೇಕು. ಅದಕ್ಕೊಂದು ಕೈಯಳತೆಯಿದೆ. ಇಂಡಿಯಾ ವಿಕ್ಸ್ ಎಂಬ ಸೂಚ್ಯಂಕ ಮುಂದಿನ ಮೂವತ್ತು ದಿನಗಳಲ್ಲಿ ನಿಫ್ಟಿ ಎಷ್ಟು ಏರಿಳಿಯಬಹುದೆಂಬ ಪೇಟೆಯ ಅಂದಾಜನ್ನು ವಾರ್ಷಿಕ ದರದಲ್ಲಿ ಹೇಳುತ್ತದೆ. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನಗಳು, ಅದರ ವರ್ಗಮೂಲ ಸುಮಾರು 16. ವಿಕ್ಸ್ ಅನ್ನು 16ರಿಂದ ಭಾಗಿಸಿದರೆ ಒಂದು ದಿನದ ಮಾಮೂಲಿ ಅಲುಗಾಟ ಸಿಗುತ್ತದೆ. ವಿಕ್ಸ್ 16 ಇದ್ದರೆ ದಿನಕ್ಕೆ ಶೇ 1. ಆ ಅಳತೆಯೊಳಗಿನ ಏರಿಳಿತ ಉಸಿರಾಟದಂತೆ. ಶೇ 0.3ಕ್ಕೆ ಕಾರಣ ಕೇಳುವುದು ಎದೆ ಏಕೆ ಮೇಲೆ ಕೆಳಗೆ ಆಯಿತು ಎಂದು ಕೇಳಿದಂತೆ.

ಅಳತೆ ಒರಟಾದದ್ದು ಎಂಬುದೂ ನಿಜ. ಪೇಟೆಯಲ್ಲಿ ದೊಡ್ಡ ಅಲುಗಾಟಗಳು ಈ ಸರಳ ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಸಲ ಬರುತ್ತವೆ. ಸೂಚ್ಯಂಕ ಅಲುಗದೆ ನಿಂತಂತೆ ಕಂಡ ದಿನ ಒಳಗೆ ಎರಡು ದೊಡ್ಡ ಷೇರುಗಳು ಎದುರು ದಿಕ್ಕಿಗೆ ಎಳೆದಾಡಿರಬಹುದು. ಹಾಗಾಗಿ ಲೆಕ್ಕವನ್ನು ಸಣ್ಣ ದಿನವೂ ಮಾಡಬೇಕು. ಏನೂ ಸಿಗದಿದ್ದರೆ ಒಂದು ವಾಕ್ಯ ಸಾಕು: ‘ನಿಫ್ಟಿ ಶೇ 0.3ರಷ್ಟು ಇಳಿಯಿತು, ಇದು ಮಾಮೂಲಿ ಏರಿಳಿತದ ಒಳಗಿದೆ, ಯಾವುದೇ ಒಂದು ವಲಯ ಅಥವಾ ಷೇರು ಎದ್ದು ಕಾಣಲಿಲ್ಲ.’

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಓದುಗನಿಗೆ ಕಥೆ ಬೇಕು, ‘ಗೊತ್ತಿಲ್ಲ’ ಎಂಬುದನ್ನು ಯಾರು ಓದುತ್ತಾರೆ ಎಂಬುದು ಅದು. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ: ಸಣ್ಣ ದಿನಗಳ ಮಾತು ಬಿಡಿ, ದೊಡ್ಡ ಕುಸಿತಕ್ಕಂತೂ ದೊಡ್ಡ ಕಾರಣ ಇದ್ದೇ ಇರುತ್ತದಲ್ಲ? ಇದಕ್ಕೆ ಉತ್ತರವಾಗಿ 1987ರ ಅಕ್ಟೋಬರ್ 19 ಇದೆ. ಅಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ 22.6 ಕುಸಿಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಅದೇ ವಾರ ಹೂಡಿಕೆದಾರರಿಗೆ ಪ್ರಶ್ನಾವಳಿ ಕಳಿಸಿ, ಆ ದಿನಗಳ ಸುದ್ದಿಗಳಲ್ಲಿ ಯಾವುದು ತಮಗೆ ಮುಖ್ಯವಾಗಿತ್ತು ಎಂದು ಕೇಳಿದರು. ಪತ್ರಿಕೆಗಳು ಎತ್ತಿಹಿಡಿದಿದ್ದ ಸುದ್ದಿಗಳಿಗಿಂತ, ಬೆಲೆಗಳು ಬೀಳುತ್ತಿವೆ ಎಂಬ ಸುದ್ದಿಯೇ ಅವರಿಗೆ ಹೆಚ್ಚು ಮುಖ್ಯವಾಗಿತ್ತು. ಎರಡು ವರ್ಷಗಳ ನಂತರ ಕಟ್ಲರ್, ಪೊಟೆರ್ಬಾ ಮತ್ತು ಸಮ್ಮರ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಎರಡನೆಯ ಮಹಾಯುದ್ಧದಿಂದೀಚಿನ ಅಮೆರಿಕದ ಪೇಟೆಯ ಐವತ್ತು ಅತಿ ದೊಡ್ಡ ಏರಿಳಿತಗಳನ್ನು ಪಟ್ಟಿಮಾಡಿ, ಪ್ರತಿಯೊಂದಕ್ಕೂ ಮರುದಿನದ ಪತ್ರಿಕೆ ಕೊಟ್ಟ ಕಾರಣವನ್ನು ಪಕ್ಕದಲ್ಲಿಟ್ಟು ನೋಡಿದರು. ಎಷ್ಟೋ ದಿನಗಳ ಮುಂದೆ ಆ ಗಾತ್ರಕ್ಕೆ ತಕ್ಕ ಸುದ್ದಿಯೇ ಇರಲಿಲ್ಲ. ಪತ್ರಿಕೆಗಳು ಕಾರಣವನ್ನು ಮಾತ್ರ ಕೊಟ್ಟಿದ್ದವು.

ಓದುಗನಿಗೆ ಕಥೆ ಬೇಕು ಎಂಬ ಮಾತಿಗೆ ನನ್ನ ಉತ್ತರ ಬೇರೆ. ಈ ಕಥೆಯನ್ನು ಓದಿದವರು ಪುಸ್ತಕ ಮುಚ್ಚಿ ಮಲಗುವುದಿಲ್ಲ. ನಿವೃತ್ತಿಯ ಹಣವನ್ನು ಮ್ಯೂಚುವಲ್ ಫಂಡಿನಲ್ಲಿಟ್ಟವರು ಬೆಳಿಗ್ಗೆ ಕಾಫಿಯ ಜೊತೆ ಇದನ್ನು ಓದುತ್ತಾರೆ. ಪ್ರತಿ ಇಳಿಕೆಗೂ ಒಂದು ಸುದ್ದಿ ಕಾರಣ ಎಂದು ವರ್ಷಗಟ್ಟಲೆ ಓದಿದವರು, ಸುದ್ದಿಯನ್ನು ಗಮನಿಸುತ್ತಿದ್ದರೆ ಮುಂದಿನ ಇಳಿಕೆಯನ್ನು ಮೊದಲೇ ಕಾಣಬಹುದು ಎಂದು ನಂಬತೊಡಗುತ್ತಾರೆ. ಫೆಡರಲ್ ರಿಸರ್ವ್ ಸಭೆಗೆ ಮುಂಚೆ ಮಾರಿ, ಸಭೆ ಮುಗಿದ ಮೇಲೆ ಕೊಳ್ಳಲು ಹೊರಡುತ್ತಾರೆ. ಮಾರಿದಾಗೊಮ್ಮೆ ಕೊಂಡಾಗೊಮ್ಮೆ ದಲ್ಲಾಳಿಯ ಶುಲ್ಕ, ತೆರಿಗೆ. ಪ್ರತಿದಿನದ ಸಣ್ಣ ‘ಹಿನ್ನೆಲೆಯಲ್ಲಿ’ಗಳು ಸೇರಿ ಕಲಿಸುವ ದೊಡ್ಡ ಪಾಠ ಇದು. ವರದಿಯ ಯಾವ ವಾಕ್ಯದಲ್ಲೂ ಅದನ್ನು ಯಾರೂ ಬರೆದಿರುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಮಾಡಿ ನೋಡಬಹುದಾದ ಅಭ್ಯಾಸವೊಂದಿದೆ. ಯಾವುದೇ ದಿನದ ಷೇರುಪೇಟೆಯ ವರದಿ ತೆಗೆದುಕೊಂಡು ಅದರಲ್ಲಿನ ‘ಇಂದ’, ‘ಹಿನ್ನೆಲೆಯಲ್ಲಿ’, ‘ಪರಿಣಾಮ’, ‘ಕಾರಣ’ಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಲೆಕ್ಕ, ಗಡಿಯಾರ, ಅಥವಾ ಯಾರದೋ ಮಾತು ಎಂದು ಗುರುತು ಹಾಕಿ. ಮೂರರಲ್ಲಿ ಯಾವುದನ್ನೂ ಹಾಕಲಾಗದ ಗೆರೆಗಳು ಉಳಿಯುತ್ತವೆ. ಆ ಪದಗಳನ್ನು ತೆಗೆದು, ಅಲ್ಲಿ ಪೂರ್ಣವಿರಾಮ ಇಟ್ಟು, ವರದಿಯನ್ನು ಮತ್ತೊಮ್ಮೆ ಓದಿ. ಹಣ್ಣು ಬಿದ್ದಿರುತ್ತದೆ, ಕಾಗೆಯೂ ಕೂತಿರುತ್ತದೆ. ಎರಡರ ನಡುವೆ ಎಷ್ಟು ಖಾಲಿ ಜಾಗವಿತ್ತು ಎಂಬುದು ಆಗ ಕಾಣುತ್ತದೆ.